ಗ್ರಾಹಕರಿಗೆ ಅರ್ಥವಾಗುವ ಸರ್ಟಿಫಿಕೇಟ್

ಚಿಕ್ಕಮಗಳೂರಿನಲ್ಲಿ ಕಾಫಿಪುಡಿ ವ್ಯಾಪಾರ ಮಾಡುವ ಒಬ್ಬ ಮಹಿಳೆ ಇದ್ದಾರೆ ಎಂದುಕೊಳ್ಳೋಣ. ಅಂಗಡಿಯ ಜೊತೆಗೆ ವೆಬ್‌ಸೈಟ್‌ನಲ್ಲೂ ಆರ್ಡರ್ ತೆಗೆದುಕೊಳ್ಳುತ್ತಾರೆ. ದೀಪಾವಳಿ ಹೊತ್ತಿಗೆ ಆರ್ಡರ್ ಜಾಸ್ತಿಯಾದರೆ ಸಾಕು, ಸೈಟ್ ಕೈಕೊಡುತ್ತದೆ. ಸರ್ವರ್ ಬಾಡಿಗೆ ಮಾತ್ರ ತಿಂಗಳಿಂದ ತಿಂಗಳಿಗೆ ಏರುತ್ತಲೇ ಇದೆ. ಇದನ್ನು ಸರಿಪಡಿಸುವವರು ಬೇಕೆಂದು ಅವರು ವಿಚಾರಿಸುತ್ತಾರೆ. ಮೈಸೂರಿನ ಒಬ್ಬ ಫ್ರೀಲಾನ್ಸರ್ ಪ್ರಪೋಸಲ್ ಕಳಿಸುತ್ತಾನೆ. ಅದು ಶುರುವಾಗುವುದು ಹೀಗೆ: “ನಾನು ಎಡಬ್ಲ್ಯುಎಸ್ ಸರ್ಟಿಫೈಡ್ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್. ಇಸಿ2, ಆರ್‌ಡಿಎಸ್, ವಿಪಿಸಿ, ಆಟೋ ಸ್ಕೇಲಿಂಗ್‌ನಲ್ಲಿ ಪರಿಣತಿ ಇದೆ.” ಜೊತೆಗೆ ಸರ್ಟಿಫಿಕೇಟ್‌ನ ಚಿತ್ರವನ್ನೂ ಲಗತ್ತಿಸಿದ್ದಾನೆ.

ಈ ಸಾಲುಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಓದಿದ ಅಂಗಡಿಯವರಿಗೆ ಏಳುವ ಮೊದಲ ಪ್ರಶ್ನೆಯೇ ಬೇರೆ. “ಇದರಲ್ಲಿ ಅಮೆಜಾನ್ ಅಂತಿದೆಯಲ್ಲ, ಅದು ಪಾರ್ಸೆಲ್ ಕಳಿಸೋ ಕಂಪನಿ ಅಲ್ವಾ? ನೀವು ಅವರ ಕಡೆಯವರಾ?” ಕಂಪ್ಯೂಟರ್ ಕೆಲಸದವರಲ್ಲದ ಗ್ರಾಹಕರು ಸರ್ಟಿಫಿಕೇಟ್ ನೋಡಿದಾಗ ಕೇಳಿಕೊಳ್ಳುವುದು ಇಂಥವೇ ಪ್ರಶ್ನೆಗಳನ್ನು. ಇದನ್ನು ಕೊಟ್ಟವರು ಯಾರು? ಯಾವುದನ್ನು ಪರೀಕ್ಷಿಸಿ ಕೊಟ್ಟರು? ನಿಜವೆಂದು ನನಗೆ ಗೊತ್ತಾಗುವುದು ಹೇಗೆ? ಇದರಿಂದ ನನ್ನ ಕೆಲಸಕ್ಕೇನು ಉಪಯೋಗ? ಪ್ರಪೋಸಲ್‌ನಲ್ಲಿ ಈ ನಾಲ್ಕಕ್ಕೂ ಉತ್ತರ ಸಿಕ್ಕರೆ ಮಾತ್ರ ಸರ್ಟಿಫಿಕೇಟ್ ನಂಬಿಕೆ ಹುಟ್ಟಿಸುತ್ತದೆ.

ಮೊದಲು ಕೊಟ್ಟವರು ಯಾರೆಂದು ನೋಡೋಣ. ಅಮೆಜಾನ್ ವೆಬ್ ಸರ್ವಿಸಸ್ ಎನ್ನುವುದು ಅಮೆಜಾನ್‌ನ ಒಂದು ಅಂಗಸಂಸ್ಥೆ. ಕಂಪ್ಯೂಟರ್‌ಗಳನ್ನೂ ಮಾಹಿತಿ ಇಡುವ ಜಾಗವನ್ನೂ ಬಾಡಿಗೆಗೆ ಕೊಡುವುದು ಅದರ ವ್ಯವಹಾರ. 2016ರಿಂದ ಅದರ ಡೇಟಾ ಸೆಂಟರ್‌ಗಳು ಮುಂಬೈ ಪ್ರದೇಶದಲ್ಲೂ ಇವೆ. ಅಲ್ಲಿ ಜಾಗ ಬಾಡಿಗೆಗೆ ಪಡೆದು ವ್ಯವಸ್ಥೆಯನ್ನು ಸರಿಯಾಗಿ ಜೋಡಿಸುವ ತಿಳಿವಳಿಕೆ ಒಬ್ಬರಿಗೆ ಇದೆಯೇ ಎಂದು ಅದೇ ಕಂಪನಿ ಪರೀಕ್ಷಿಸುತ್ತದೆ. SAA-C03 ಎಂಬ ಆವೃತ್ತಿಯ ಪರೀಕ್ಷೆಯಲ್ಲಿ 65 ಪ್ರಶ್ನೆಗಳಿವೆ, 130 ನಿಮಿಷ ಸಮಯವಿದೆ. ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯಬಹುದು, ಇಲ್ಲವೇ ಮನೆಯಲ್ಲೇ ಕ್ಯಾಮೆರಾ ಮುಂದೆ ಮೇಲ್ವಿಚಾರಕರ ನಿಗಾದಲ್ಲಿ ಬರೆಯಬಹುದು. ಪಾಸಾದರೆ ಸರ್ಟಿಫಿಕೇಟ್ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ.

ಇಷ್ಟೂ ವಿವರವನ್ನು ಪ್ರಪೋಸಲ್‌ನಲ್ಲಿ ತುಂಬಬೇಕಿಲ್ಲ. ಗ್ರಾಹಕರಿಗೆ ನಿಜವಾಗಿ ಬೇಕಾದದ್ದು ಪರೀಕ್ಷೆಯ ಒಳಗೆ ಏನಿದೆ ಎಂಬುದು. ಅದರ ಪಠ್ಯಕ್ರಮ ನಾಲ್ಕು ಭಾಗಗಳಲ್ಲಿದೆ. ಅಂಕ ಕೊಡುವ ಪ್ರಶ್ನೆಗಳಲ್ಲಿ ಶೇ. 30 ಭದ್ರತೆಗೆ, ಶೇ. 26 ಒಂದು ಭಾಗ ಕೆಟ್ಟರೂ ವ್ಯವಸ್ಥೆ ನಿಲ್ಲದಂತೆ ಕಟ್ಟುವುದಕ್ಕೆ, ಶೇ. 24 ವೇಗಕ್ಕೆ, ಶೇ. 20 ಖರ್ಚಿನ ಹಿಡಿತಕ್ಕೆ ಮೀಸಲು.

ಈ ನಾಲ್ಕನ್ನು ಕಾಫಿಪುಡಿ ಅಂಗಡಿಯವರ ಕಡೆಯಿಂದ ಓದಿದರೆ ಒಂದೊಂದೂ ಅವರದೇ ಚಿಂತೆ ಎಂದು ಗೊತ್ತಾಗುತ್ತದೆ. ಭದ್ರತೆ ಎಂದರೆ ಆರ್ಡರ್ ಕೊಟ್ಟವರ ಫೋನ್ ನಂಬರ್, ವಿಳಾಸ ಬೇರೆಯವರ ಕೈಗೆ ಸಿಗದಿರುವುದು. ಎರಡನೆಯದು, ಒಂದು ಕಂಪ್ಯೂಟರ್ ಕೆಟ್ಟರೂ ಆರ್ಡರ್ ಬರುವುದು ನಿಲ್ಲದಿರುವುದು. ಆರ್ಡರ್‌ಗಳ ಲೆಕ್ಕ ಇರುವ ಡೇಟಾಬೇಸ್‌ನ ಜೀವಂತ ಪ್ರತಿಯೊಂದನ್ನು ಮುಂಬೈ ಪ್ರದೇಶದಲ್ಲೇ ಇರುವ ಇನ್ನೊಂದು ಡೇಟಾ ಸೆಂಟರ್‌ನಲ್ಲಿ ಇಡಬಹುದು. ಮೊದಲನೆಯದು ಕೆಟ್ಟರೆ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಎರಡನೆಯದು ಕೆಲಸ ವಹಿಸಿಕೊಳ್ಳುತ್ತದೆ. ಮೂರನೆಯದು ಹಬ್ಬದ ರಷ್. ಜನ ಹೆಚ್ಚಾದಾಗ ಕಂಪ್ಯೂಟರ್‌ಗಳು ತಾವಾಗಿ ಹೆಚ್ಚಬೇಕು, ರಷ್ ಇಳಿದಾಗ ಕಡಿಮೆಯಾಗಬೇಕು. ಫ್ರೀಲಾನ್ಸರ್ ಬರೆದ “ಆಟೋ ಸ್ಕೇಲಿಂಗ್” ಎಂದರೆ ಇದೇ. ನಾಲ್ಕನೆಯದು ತಿಂಗಳ ಬಿಲ್.

ಪ್ರಪೋಸಲ್ ಬರೆಯುವವರು ಇವುಗಳಲ್ಲಿ ಗ್ರಾಹಕರು ತಾವೇ ಹೇಳಿಕೊಂಡ ತೊಂದರೆ ಯಾವುದೋ ಅದನ್ನು ಆರಿಸಿಕೊಂಡು ಸರ್ಟಿಫಿಕೇಟ್ ಅನ್ನು ಅದರ ಪಕ್ಕದಲ್ಲಿ ಇಡಬೇಕು. ಇಲ್ಲಿ ಅವರು ಹೇಳಿದ್ದು ರಷ್ ಮತ್ತು ಬಿಲ್. ಅವೆರಡರ ಮಾತು ಮೊದಲು ಬರಲಿ. ಉಳಿದೆರಡನ್ನು ಒಂದು ಸಾಲಿನಲ್ಲಿ ಹೇಳಿದರೆ ಸಾಕು.

ಇನ್ನು ಎಚ್ಚರ ವಹಿಸಬೇಕಾದ ಜಾಗ. ಸರ್ಟಿಫಿಕೇಟ್ ಬಗ್ಗೆ ಬರೆಯುವಾಗ ಗೊತ್ತಿಲ್ಲದೆಯೇ ಒಂದು ತೂಕ ಹೆಚ್ಚು ಹೇಳಿಬಿಡುವುದುಂಟು. “ಅಮೆಜಾನ್‌ನಿಂದ ಮಾನ್ಯತೆ ಪಡೆದ ಸಂಸ್ಥೆ ನಮ್ಮದು” ಎಂದು ಬರೆದರೆ ಅದು ತಪ್ಪು. ಈ ಸರ್ಟಿಫಿಕೇಟ್ ಬರುವುದು ವ್ಯಕ್ತಿಗೆ, ಸಂಸ್ಥೆಗಲ್ಲ. ಸಂಸ್ಥೆಗಳಿಗೆ ಪಾರ್ಟ್‌ನರ್ ಎಂಬ ಬೇರೆ ವ್ಯವಸ್ಥೆಯೇ ಇದೆ. “ಒಂದು ವರ್ಷದ ಅನುಭವ ಇದ್ದವರಿಗೆ ಮಾತ್ರ ಕೊಡುತ್ತಾರೆ” ಎನ್ನುವುದೂ ಸರಿಯಲ್ಲ. ಅಷ್ಟು ಅನುಭವ ಇದ್ದರೆ ಒಳ್ಳೆಯದೆಂದು ಕಂಪನಿ ಸಲಹೆ ಕೊಡುತ್ತದೆ, ಕಡ್ಡಾಯ ಮಾಡಿಲ್ಲ. ಅಂಕದ ವಿಷಯದಲ್ಲೂ ಹಾಗೆಯೇ. ಪಾಸಾಗಲು 1000ಕ್ಕೆ 720 ಬೇಕು, ಆದರೆ ಅದು ಸರಿಯುತ್ತರಗಳ ಶೇಕಡಾವಾರು ಲೆಕ್ಕವಲ್ಲ, ಪ್ರಶ್ನೆಪತ್ರಿಕೆಯ ಕಷ್ಟಕ್ಕೆ ತಕ್ಕಂತೆ ಹೊಂದಿಸಿದ ಅಂಕ. 840 ಬಂದವರು “ಶೇ. 84 ಪಡೆದಿದ್ದೇನೆ” ಎಂದು ಬರೆಯುವಂತಿಲ್ಲ. ಅಂಕವನ್ನು ಬಿಟ್ಟರೇ ಒಳ್ಳೆಯದು, ಗ್ರಾಹಕರಿಗೆ ಅದರಿಂದ ತಿಳಿಯುವುದು ಏನೂ ಇಲ್ಲ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಪರೀಕ್ಷೆಯ ಮಿತಿ. ಅಲ್ಲಿ ಕೇಳುವುದು ಆಯ್ಕೆಯ ಪ್ರಶ್ನೆಗಳನ್ನು. ಒಂದು ಸನ್ನಿವೇಶ ಕೊಟ್ಟು, ನಾಲ್ಕೈದು ದಾರಿಗಳಲ್ಲಿ ಸರಿಯಾದದ್ದನ್ನು ಆರಿಸಲು ಹೇಳುತ್ತಾರೆ. ನಿಜವಾದ ಒಂದು ವ್ಯವಸ್ಥೆಯನ್ನು ಕಟ್ಟಿಸಿ ನೋಡುವುದಿಲ್ಲ. ಹಾಗಾಗಿ ಯಾವ ದಾರಿ ಸರಿ ಎಂಬ ತಿಳಿವಳಿಕೆಗೆ ಸರ್ಟಿಫಿಕೇಟ್ ಸಾಕ್ಷಿ. ಕೆಲಸದಲ್ಲಿ ಕೈ ಪಳಗಿದೆ ಎನ್ನುವುದಕ್ಕೆ ಮಾಡಿದ ಕೆಲಸವೇ ಸಾಕ್ಷಿಯಾಗಬೇಕು. ಇನ್ನೊಂದು ವಿಷಯವೂ ಇದೆ. ಸೈಟ್ ನಿಧಾನವಾಗಿರುವುದು ಅದರ ಸ್ವಂತ ಕೋಡ್‌ನ ದೋಷದಿಂದಲೂ ಇರಬಹುದು. ಅದು ಈ ಪರೀಕ್ಷೆಯ ವ್ಯಾಪ್ತಿಗೆ ಬರುವುದಿಲ್ಲ. ಈ ಮಿತಿಗಳನ್ನು ಬರೆಯುವವರೇ ಮೊದಲು ಹೇಳಿದರೆ ಉಳಿದ ಮಾತಿಗೆ ಬೆಲೆ ಬರುತ್ತದೆ. ಮುಂದೆ ತಾನಾಗಿ ತಿಳಿದುಬಂದರೆ, ಅಲ್ಲಿಯವರೆಗೆ ಹೇಳಿದ್ದೆಲ್ಲದರ ಮೇಲೂ ಗ್ರಾಹಕರಿಗೆ ಅನುಮಾನ ಶುರುವಾಗುತ್ತದೆ.

ಇನ್ನು ನಿಜವೆಂದು ತೋರಿಸುವ ಬಗೆ. ಲಗತ್ತಿಸಿದ ಚಿತ್ರ ಪುರಾವೆಯಲ್ಲ. ಚಿತ್ರದಲ್ಲಿ ಹೆಸರು ಬದಲಿಸುವುದು ಐದು ನಿಮಿಷದ ಕೆಲಸ. ಈ ಸರ್ಟಿಫಿಕೇಟ್ ಪಡೆದವರಿಗೆ credly.com ಎಂಬ ತಾಣದಲ್ಲಿ ಒಂದು ಡಿಜಿಟಲ್ ಬ್ಯಾಡ್ಜ್ ಸಿಗುತ್ತದೆ. ಅದರ ಪುಟದಲ್ಲಿ ಪಡೆದವರ ಹೆಸರು, ಕೊಟ್ಟ ಸಂಸ್ಥೆ, ಕೊಟ್ಟ ದಿನಾಂಕ, ಮುಗಿಯುವ ದಿನಾಂಕ ಕಾಣುತ್ತವೆ. ಪ್ರಪೋಸಲ್‌ನಲ್ಲಿ ಕೊಡಬೇಕಾದದ್ದು ಆ ಪುಟದ ಲಿಂಕ್. ತೆರೆದಾಗ ಏನು ನೋಡಬೇಕೆಂಬುದನ್ನೂ ಬರೆಯಬೇಕು: “ಮೇಲೆ AWS Certified Solutions Architect – Associate ಎಂದಿರುತ್ತದೆ, ನನ್ನ ಹೆಸರು ಮತ್ತು ಮುಗಿಯುವ ದಿನಾಂಕ ಅದೇ ಪುಟದಲ್ಲಿವೆ.”

ಎಡವುವುದು ಇಲ್ಲೂ ಸುಲಭ. ಬ್ಯಾಡ್ಜ್ ಸಾರ್ವಜನಿಕವಾಗಿ ಕಾಣುವಂತೆ ಇಟ್ಟಿರದಿದ್ದರೆ ಲಿಂಕ್ ಒತ್ತಿದ ಗ್ರಾಹಕರಿಗೆ ಏನೂ ಕಾಣುವುದಿಲ್ಲ. ಪಡೆದವರು ಲಾಗಿನ್ ಆಗಿರುವುದರಿಂದ ಅವರ ಕಂಪ್ಯೂಟರ್‌ನಲ್ಲಿ ಮಾತ್ರ ಎಲ್ಲ ಸರಿಯಾಗಿಯೇ ಕಾಣುತ್ತಿರುತ್ತದೆ. ಕಳಿಸುವ ಮೊದಲು ಬೇರೆಯವರ ಫೋನ್‌ನಲ್ಲಿ ಒಮ್ಮೆ ತೆರೆದು ನೋಡಬೇಕು. ಬ್ಯಾಡ್ಜ್‌ನಲ್ಲಿ ಒಂದು ಹೆಸರು, ಪ್ರಪೋಸಲ್‌ನಲ್ಲಿ ಇನ್ನೊಂದು, ಬಿಲ್‌ನಲ್ಲಿ ಮತ್ತೊಂದು ಇದ್ದರೂ ಅನುಮಾನ ಹುಟ್ಟುತ್ತದೆ. ಅಪ್ಪನ ಹೆಸರು, ಊರ ಹೆಸರು, ಇನಿಷಿಯಲ್ ಎಂದು ನಮ್ಮಲ್ಲಿ ಒಬ್ಬರ ಹೆಸರನ್ನೇ ಮೂರು ರೀತಿ ಬರೆಯುವುದರಿಂದ ಇದು ಆಗಾಗ ಆಗುವ ತೊಡಕು. ಮೂರೂ ಕಡೆ ಒಂದೇ ಇರಲಿ, ಇಲ್ಲವೇ ವ್ಯತ್ಯಾಸವನ್ನು ಅಲ್ಲೇ ಹೇಳಲಿ.

ಇಷ್ಟನ್ನೂ ಮನಸ್ಸಿನಲ್ಲಿಟ್ಟು ಮೈಸೂರಿನ ಫ್ರೀಲಾನ್ಸರ್ ತನ್ನ ಪ್ರಪೋಸಲ್ ಅನ್ನು ಮತ್ತೆ ಬರೆದರೆ ಹೀಗಿರಬಹುದು:

“ಮೇಡಂ, ಹಬ್ಬದ ಸಮಯದಲ್ಲಿ ಸೈಟ್ ನಿಂತುಹೋಗುತ್ತಿದೆ, ಬಾಡಿಗೆಯೂ ಏರುತ್ತಿದೆ ಎಂದಿದ್ದೀರಿ. ನಿಮ್ಮ ಸೈಟ್ ಇರುವುದು ಅಮೆಜಾನ್ ವೆಬ್ ಸರ್ವಿಸಸ್ ಎಂಬ ಕಂಪನಿಯಿಂದ ಬಾಡಿಗೆಗೆ ಪಡೆದ ಕಂಪ್ಯೂಟರ್‌ನಲ್ಲಿ. ಅಂಥ ಕಡೆ ರಷ್ ತಡೆದುಕೊಳ್ಳುವಂತೆ, ದುಂದಾಗದಂತೆ ವ್ಯವಸ್ಥೆ ಮಾಡುವುದರ ಬಗ್ಗೆ ಆ ಕಂಪನಿಯೇ ನಡೆಸುವ ಪರೀಕ್ಷೆಯನ್ನು 2024ರ ಆಗಸ್ಟ್‌ನಲ್ಲಿ ಪಾಸು ಮಾಡಿದ್ದೇನೆ. 2027ರ ಆಗಸ್ಟ್‌ವರೆಗೆ ಅದು ಚಾಲ್ತಿಯಲ್ಲಿರುತ್ತದೆ. ಕೆಳಗಿನ ಲಿಂಕ್ ಒತ್ತಿದರೆ ನನ್ನ ಹೆಸರು, ದಿನಾಂಕ ಕಾಣುತ್ತವೆ. ನಾನು ಅಮೆಜಾನ್ ನೌಕರನಲ್ಲ, ನನ್ನ ಕೆಲಸಕ್ಕೆ ಅವರು ಜಾಮೀನೂ ಅಲ್ಲ, ಹೊಣೆ ನನ್ನದೇ. ಮೊದಲ ವಾರ ನಿಮ್ಮ ಬಿಲ್ ಓದಿ, ಬಳಕೆಯಲ್ಲಿಲ್ಲದಿದ್ದರೂ ಬಾಡಿಗೆ ಕಟ್ಟುತ್ತಿರುವುದು ಏನೇನೆಂದು ಪಟ್ಟಿ ಮಾಡಿಕೊಡುತ್ತೇನೆ. ಸೈಟ್ ನಿಧಾನವಾಗುವುದು ಕೋಡ್‌ನಿಂದ ಎಂದು ಕಂಡುಬಂದರೆ ಅದನ್ನೂ ಹೇಳುತ್ತೇನೆ. ಆ ಕೆಲಸ ಬೇರೆಯವರದು. ನಿಮ್ಮ ಅಕೌಂಟ್‌ನ ಮುಖ್ಯ ಪಾಸ್‌ವರ್ಡ್ ನನಗೆ ಕೊಡಬೇಡಿ. ನನಗೆ ಬೇಕಾದಷ್ಟೇ ಅಧಿಕಾರ ಇರುವ ಪ್ರತ್ಯೇಕ ಲಾಗಿನ್ ಮಾಡುವುದು ಹೇಗೆಂದು ಫೋನ್‌ನಲ್ಲಿ ಹೇಳಿಕೊಡುತ್ತೇನೆ. ಕೆಲಸ ಮುಗಿದ ದಿನ ನೀವೇ ಅದನ್ನು ತೆಗೆದುಹಾಕಬಹುದು.”

ಪಾಸ್‌ವರ್ಡ್ ಬಗೆಗಿನ ಕೊನೆಯ ಮಾತನ್ನು ಗಮನಿಸಿ. ಮುಖ್ಯ ಲಾಗಿನ್ ಅನ್ನು ದಿನದ ಕೆಲಸಕ್ಕೆ ಬಳಸಬಾರದು, ಒಬ್ಬರಿಗೆ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕು ಎನ್ನುವುದು ಪರೀಕ್ಷೆಯ ಶೇ. 30ರ ಆ ಭದ್ರತಾ ಭಾಗದ ಮೂಲಪಾಠ. ಭದ್ರತೆ ಎಂಬ ಮಾತನ್ನೇ ಎತ್ತದೆ ಫ್ರೀಲಾನ್ಸರ್ ಅದನ್ನು ಆಚರಿಸಿ ತೋರಿಸಿದ್ದಾನೆ. ಓದಿದ ಅಂಗಡಿಯವರಿಗೆ ಪಠ್ಯಕ್ರಮ ಗೊತ್ತಿರಬೇಕಿಲ್ಲ. ಅಕೌಂಟ್ ತಮ್ಮ ಕೈಯಲ್ಲೇ ಉಳಿಯುತ್ತದೆ ಎಂಬುದು ತಿಳಿಯುತ್ತದೆ, ಅವರಿಗೆ ಬೇಕಾದದ್ದೂ ಅದೇ. ಬಿಲ್ ಓದುವ ಮಾತೂ ಹಾಗೆಯೇ. ಹಳೆಯ ಸರ್ವರ್ ತೆಗೆದ ಮೇಲೂ ಅದರ ಡಿಸ್ಕ್, ಬ್ಯಾಕಪ್ ಪ್ರತಿಗಳು ಉಳಿದುಕೊಂಡು ಬಾಡಿಗೆ ತಿನ್ನುತ್ತಿರುವುದು ಸಾಮಾನ್ಯ. ಎಲ್ಲಿ ಹುಡುಕಬೇಕೆಂದು ಗೊತ್ತಿರುವವರು ಮಾತ್ರ ಹೀಗೆ ಮೊದಲ ವಾರಕ್ಕೇ ಮಾತು ಕೊಡಬಲ್ಲರು.

ಇದೇ ಸರ್ಟಿಫಿಕೇಟ್ ಇಟ್ಟುಕೊಂಡು ಫ್ರೀಲಾನ್ಸರ್ ನಾಳೆ ಒಂದು ರಕ್ತಪರೀಕ್ಷೆ ಲ್ಯಾಬ್‌ಗೆ ಪ್ರಪೋಸಲ್ ಬರೆಯುವುದಾದರೆ ಈ ಸಾಲುಗಳನ್ನು ನಕಲು ಮಾಡಿದರೆ ಆಗದು. ಲ್ಯಾಬ್‌ನವರಿಗೆ ಹಬ್ಬದ ರಷ್ ಇಲ್ಲ, ರೋಗಿಗಳ ವರದಿ ಹೊರಗೆ ಹೋಗಬಾರದೆಂಬ ಭಯ ಇದೆ. ಅಲ್ಲಿ ಭದ್ರತೆಯ ಭಾಗ ಮೊದಲಿಗೆ ಬರಬೇಕು, ಮೊದಲ ವಾರದ ಕೆಲಸವೂ ಯಾರ್ಯಾರಿಗೆ ಯಾವ ವರದಿ ತೆರೆಯುವ ಅಧಿಕಾರ ಇದೆ ಎಂದು ಪಟ್ಟಿ ಮಾಡುವುದಾಗಬೇಕು. ಮೂರು ವರ್ಷ ತುಂಬಿ ನವೀಕರಿಸದಿದ್ದರೆ ಆ ಸಾಲನ್ನು ತೆಗೆಯಬೇಕು, ಇಲ್ಲವೇ ಅವಧಿ ಮುಗಿದಿದೆ ಎಂದೇ ಬರೆಯಬೇಕು. ಲಿಂಕ್ ಒತ್ತಿದವರಿಗೆ ದಿನಾಂಕ ಹೇಗೂ ಕಾಣುತ್ತದೆ.