ಕಡತದಲ್ಲಿಲ್ಲದ ನೀರಿನ ವರದಿಯನ್ನು ಕೋರುವ ಬಗೆ: ಉದ್ದೇಶ, ನಮೂನೆ, ಗಡುವು



ಹೊಸ ಕೊಳವೆ ಬಾವಿಯೊಂದನ್ನು ಗ್ರಾಮದ ಓವರ್‌ಹೆಡ್ ಟ್ಯಾಂಕಿಗೆ ಜೋಡಿಸುವ ವಿಷಯವು ಸಾಮಾನ್ಯ ಸಭೆಯ ಮುಂದೆ ಬರುತ್ತದೆ. ಕಡತವನ್ನು ತೆರೆದರೆ "ನೀರನ್ನು ಪರೀಕ್ಷಿಸಲಾಗಿದ್ದು, ಕುಡಿಯಲು ಯೋಗ್ಯವಿದೆ" ಎಂಬ ಒಂದು ಸಾಲಿನ ಟಿಪ್ಪಣಿ ಮಾತ್ರ ಇರುತ್ತದೆ. ಪ್ರಯೋಗಾಲಯದ ವರದಿ ಇರುವುದಿಲ್ಲ. ಇಂತಹ ವರದಿಯನ್ನು ಸಂಬಂಧಪಟ್ಟ ಅಧಿಕಾರಿಯಿಂದ ಹೇಗೆ ಕೋರಬೇಕು, ಅಧ್ಯಕ್ಷರ ಅಥವಾ ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ಮೂಲಕ ಹೋಗುವ ಪತ್ರದಲ್ಲಿ ಸದಸ್ಯರು ಯಾವ ಅಂಶಗಳನ್ನು ನೋಡಬೇಕು ಎಂಬುದನ್ನು ಒಂದು ಉದಾಹರಣೆಯ ಮೂಲಕ ಇಲ್ಲಿ ವಿವರಿಸಲಾಗಿದೆ.

ಯಾವ ವರದಿ ಎಂಬುದನ್ನು ಉದ್ದೇಶವೇ ನಿರ್ಧರಿಸುತ್ತದೆ

ಗಂಗಾವತಿ ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿದೆ. ಕುಷ್ಟಗಿ, ಯಲಬುರ್ಗಾ ಭಾಗದ ಅನೇಕ ಗ್ರಾಮಗಳು ಬಹುಕಾಲದಿಂದ ಕೊಳವೆ ಬಾವಿಗಳನ್ನೇ ನಂಬಿಕೊಂಡು ಬಂದಿವೆ. ಇಲ್ಲಿನ ನೆಲದಡಿಯ ಗಟ್ಟಿ ಶಿಲೆಯಲ್ಲಿರುವ ಖನಿಜಗಳಿಂದ ಫ್ಲೋರೈಡ್ ಅಂಶವು ಅಂತರ್ಜಲಕ್ಕೆ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರುಚಿಯಿಂದಲೂ ಗುರುತಿಸಲು ಬರುವುದಿಲ್ಲ. ಹೆಚ್ಚು ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲುಗಳಲ್ಲಿ ಕಂದು ಕಲೆಗಳು ಮೂಡುತ್ತವೆ. ಮುಂದೆ ಮೂಳೆ ಮತ್ತು ಕೀಲುಗಳೂ ಬಿಗಿಯುತ್ತವೆ.

ಕುಡಿಯುವ ನೀರಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಫ್ಲೋರೈಡ್ ಪ್ರಮಾಣವು ಲೀಟರಿಗೆ 1.0 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲ ಇಲ್ಲದಿದ್ದಾಗ ಮಾತ್ರ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಆದುದರಿಂದ "ಕಾಯಿಸಿ ಆರಿಸಿ ಕುಡಿಯಿರಿ" ಎಂದು ಡಂಗುರ ಸಾರಿ ಈ ವಿಷಯವನ್ನು ಮುಗಿಸಲಾಗದು. ಬಾವಿಯನ್ನು ಜೋಡಿಸುವ ಮೊದಲೇ ಸಭೆಯ ಮುಂದೆ ಅಂಕಿ ಇರಬೇಕು.

ಈಗ ಸಾಮಾನ್ಯವಾಗಿ ಹೋಗುವ ಪತ್ರವನ್ನು ಗಮನಿಸಿರಿ: "ನಮ್ಮ ಗ್ರಾಮದ ನೀರಿನ ವರದಿಯನ್ನು ಕೂಡಲೇ ಕಳುಹಿಸಿಕೊಡಲು ಕೋರಿದೆ." ಈ ಸಾಲನ್ನು ಓದಿದ ಅಭಿಯಂತರರು ಮೂರು ಬೇರೆ ಬೇರೆ ಕಾಗದಗಳನ್ನು ಕಳುಹಿಸಬಹುದು, ಮೂರೂ ನೀರಿನ ವರದಿಗಳೇ ಆಗಿರುತ್ತವೆ. ಮೊದಲನೆಯದು ಗ್ರಾಮದಲ್ಲಿಯೇ ಕ್ಷೇತ್ರ ಪರೀಕ್ಷಾ ಕಿಟ್ಟಿನಿಂದ ನೋಡಿದ ಫಲಿತಾಂಶ. ಅದರಲ್ಲಿ ಬಣ್ಣವನ್ನು ಪಟ್ಟಿಯೊಡನೆ ಹೋಲಿಸಿ ಅಂದಾಜು ಹೇಳಲಾಗುತ್ತದೆ, ಪ್ರಮಾಣವು 1.5ರ ಆಸುಪಾಸಿನಲ್ಲಿದ್ದರೆ ಅದನ್ನು ನಂಬಿ ತೀರ್ಮಾನಿಸಲಾಗದು. ಎರಡನೆಯದು ಜೈವಿಕ ಪರೀಕ್ಷೆಯ ವರದಿ. ಅದು ರೋಗಾಣುಗಳ ಬಗ್ಗೆ ಹೇಳುತ್ತದೆ, ಫ್ಲೋರೈಡ್ ಬಗ್ಗೆ ಹೇಳುವುದಿಲ್ಲ. ಮೂರನೆಯದು ರಾಸಾಯನಿಕ ಪರೀಕ್ಷೆಯ ವರದಿಯೇ ಆದರೂ ಅದೇ ಗ್ರಾಮದ ಹಳೆಯ ಬಾವಿಯದ್ದಾಗಿರಬಹುದು. ಕಳುಹಿಸಿದವರದು ತಪ್ಪಲ್ಲ, ಕೇಳಿದ ಸಾಲಿಗೆ ಉತ್ತರ ಬಂದಿದೆ. ಆದರೆ ಸಭೆಗೆ ಬೇಕಾದುದು ಬಂದಿಲ್ಲ.

ಆದ್ದರಿಂದ ಪತ್ರದ ಮೊದಲ ಭಾಗದಲ್ಲಿಯೇ ಯಾವ ತೀರ್ಮಾನಕ್ಕಾಗಿ ವರದಿ ಬೇಕು ಎಂದು ಬರೆಯಬೇಕು. "ಈ ಬಾವಿಯ ನೀರನ್ನು ಕುಡಿಯಲು ಪೂರೈಸಬೇಕೇ ಬೇಡವೇ ಎಂದು ಠರಾವು ಮಾಡಬೇಕಾಗಿದೆ" ಎಂಬ ಮಾತು ಓದುವವರಿಗೆ ಯಾವ ವರದಿ ಸಲ್ಲುತ್ತದೆ, ಯಾವುದು ಸಲ್ಲದು ಎಂಬುದನ್ನು ತಾನೇ ತಿಳಿಸುತ್ತದೆ.

ಬಾವಿಯ ಗುರುತು

ಗ್ರಾಮದ ಹೆಸರೊಂದೇ ಸಾಲದು. ಬಾವಿ ಇರುವ ಸರ್ವೆ ನಂಬರು, ಹತ್ತಿರದ ಶಾಲೆ ಅಥವಾ ಗುಡಿಯ ಗುರುತು, ಕೊರೆದ ತಿಂಗಳು ಮತ್ತು ವರ್ಷ, ಆಳ ಇವಿಷ್ಟನ್ನು ನಮೂದಿಸಬೇಕು. ಕೊರೆದ ದಿನಾಂಕವು ಒಂದು ಪರೀಕ್ಷೆಯೂ ಹೌದು: ಬಂದ ವರದಿಯಲ್ಲಿ ಮಾದರಿ ಸಂಗ್ರಹಿಸಿದ ದಿನಾಂಕವು ಬಾವಿ ಕೊರೆದ ದಿನಾಂಕಕ್ಕಿಂತ ಹಿಂದಿನದಾಗಿದ್ದರೆ, ಅದು ಈ ಬಾವಿಯ ವರದಿಯಲ್ಲ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಸಂಗತಿ ಇದೆ. ಕುಕನೂರು ತಾಲ್ಲೂಕು ಮೊದಲು ಯಲಬುರ್ಗಾದಲ್ಲಿಯೂ, ಕಾರಟಗಿ ಮತ್ತು ಕನಕಗಿರಿ ತಾಲ್ಲೂಕುಗಳು ಗಂಗಾವತಿಯಲ್ಲಿಯೂ ಸೇರಿದ್ದವು. 1997ಕ್ಕೆ ಮೊದಲು ಇಡೀ ಜಿಲ್ಲೆಯೇ ರಾಯಚೂರಿನ ಭಾಗವಾಗಿತ್ತು. ಆದಕಾರಣ ಹಳೆಯ ಬಾವಿಯ ದಾಖಲೆಯನ್ನು ಕೋರುವಾಗ "ಈಗಿನ ಕುಕನೂರು ತಾಲ್ಲೂಕು, ಹಿಂದಿನ ಯಲಬುರ್ಗಾ ತಾಲ್ಲೂಕು" ಎಂದು ಎರಡೂ ಹೆಸರುಗಳನ್ನು ಬರೆಯಬೇಕು. ಇಲ್ಲವಾದರೆ ಹುಡುಕುವವರು ಒಂದೇ ಕಪಾಟನ್ನು ನೋಡಿ "ಲಭ್ಯವಿಲ್ಲ" ಎಂದು ಉತ್ತರಿಸುವ ಸಂಭವವಿದೆ.

ನಮೂನೆ

ಎರಡು ವಸ್ತುಗಳನ್ನು ಬೇರೆ ಬೇರೆಯಾಗಿ ಕೇಳುವುದು ಒಳ್ಳೆಯದು. ಒಂದು, ಪ್ರಯೋಗಾಲಯದ ಸಹಿ ಮತ್ತು ಮೊಹರು ಇರುವ ಮೂಲ ವರದಿಯ ಪಿಡಿಎಫ್ ಪ್ರತಿ, ಎಲ್ಲ ಪುಟಗಳು. ಮೊಬೈಲಿನಲ್ಲಿ ತೆಗೆದು ವಾಟ್ಸಾಪಿನಲ್ಲಿ ಕಳುಹಿಸಿದ ಚಿತ್ರವು ಮಸುಕಾದಾಗ 1.8 ಎಂಬುದು 18 ಎಂದೋ 1.3 ಎಂದೋ ಕಾಣುತ್ತದೆ. ಇನ್ನೊಂದು, ಅದೇ ಅಂಕಿಗಳನ್ನು ತುಂಬಿದ ಒಂದು ಸಾಲಿನ ಎಕ್ಸೆಲ್ ತಖ್ತೆ. ಹಲವು ಬಾವಿಗಳಿದ್ದರೆ ಬಾವಿಗೆ ಒಂದು ಸಾಲು. ಖಾಲಿ ತಖ್ತೆಯನ್ನು ನಾವೇ ಸಿದ್ಧಪಡಿಸಿ ಪತ್ರದೊಡನೆ ಲಗತ್ತಿಸಿದರೆ ತುಂಬುವವರ ಕೆಲಸವೂ ಹಗುರವಾಗುತ್ತದೆ.

ತಖ್ತೆಯ ಬಗ್ಗೆ ಎರಡು ಸೂಚನೆಗಳು ಅಗತ್ಯ. ಕನ್ನಡವನ್ನು ಯೂನಿಕೋಡ್‌ನಲ್ಲಿ ತುಂಬಲು ಕೋರಬೇಕು. ಹಳೆಯ ನುಡಿ ಅಕ್ಷರಗಳಲ್ಲಿ ತುಂಬಿದ ತಖ್ತೆಯು ಆ ಫಾಂಟ್ ಇಲ್ಲದ ಗಣಕಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ತೆರೆದುಕೊಳ್ಳುತ್ತದೆ. ಎರಡನೆಯದು ಇದಕ್ಕಿಂತ ಮುಖ್ಯ: ಯಾವುದೇ ಮನೆಯನ್ನು ಖಾಲಿ ಬಿಡಬಾರದು, ಗೆರೆ ಎಳೆಯಬಾರದು. ಪರೀಕ್ಷಿಸಿ ಅಂಶ ಕಂಡುಬಾರದಿದ್ದರೆ "ಪತ್ತೆಯಾಗಿಲ್ಲ" ಎಂದೂ, ಪರೀಕ್ಷಿಸಿಯೇ ಇರದಿದ್ದರೆ "ಪರೀಕ್ಷಿಸಿಲ್ಲ" ಎಂದೂ ಬರೆಯಬೇಕು. ಖಾಲಿ ಮನೆಯನ್ನು ಸಭೆಯಲ್ಲಿ ಒಬ್ಬರು "ದೋಷವಿಲ್ಲ" ಎಂದು ಓದಿದರೆ ಇನ್ನೊಬ್ಬರು "ನೋಡಿಲ್ಲ" ಎಂದು ಓದುತ್ತಾರೆ. ಕುಡಿಯುವ ನೀರಿನ ವಿಷಯದಲ್ಲಿ ಈ ಎರಡು ಓದುಗಳ ನಡುವಿನ ಅಂತರ ದೊಡ್ಡದು.

ಗಡುವು

"ಕೂಡಲೇ", "ಜರೂರಾಗಿ" ಎಂಬ ಪದಗಳು ಪ್ರತಿಯೊಂದು ಪತ್ರದಲ್ಲಿಯೂ ಇರುವುದರಿಂದ ಅವು ಯಾವ ದಿನವನ್ನೂ ಸೂಚಿಸುವುದಿಲ್ಲ. ಗಡುವನ್ನು ಸಭೆಯ ದಿನಾಂಕದಿಂದ ಹಿಂದಕ್ಕೆ ಎಣಿಸಿ ಗೊತ್ತುಪಡಿಸಬೇಕು. ಸಾಮಾನ್ಯ ಸಭೆಯು ಜೂನ್ 25ರಂದು ಇದೆ ಎಂದುಕೊಳ್ಳೋಣ. ಸಭೆಗೆ ಏಳು ಪೂರ್ಣ ದಿನಗಳ ಸೂಚನೆ ಬೇಕಾದುದರಿಂದ ಸೂಚನಾ ಪತ್ರವು 17ರಂದು ಸದಸ್ಯರಿಗೆ ತಲುಪಬೇಕು. ವರದಿಯನ್ನು ಓದಿ, ಹೊಂದಿಸಿ ನೋಡಿ, ವಿಷಯಸೂಚಿಗೆ ಸೇರಿಸಲು ಎರಡು ದಿನ ಬೇಕು. ಹಾಗಾದರೆ ವರದಿ ಬರಬೇಕಾದ ದಿನ 14. ಪತ್ರವು 4ರಂದು ಹೊರಟರೆ ಎದುರಿನವರಿಗೆ ಹತ್ತು ದಿನಗಳು ಸಿಗುತ್ತವೆ. ರಜಾ ದಿನಗಳು ನಡುವೆ ಬಂದರೆ ಪತ್ರವೇ ಅಷ್ಟು ಮುಂಚೆ ಹೊರಡಬೇಕು. ಗಡುವು ಮುಂದಕ್ಕೆ ಹೋಗಬಾರದು.

ಈ ಎಣಿಕೆಯ ಸಾರವನ್ನು ಪತ್ರದಲ್ಲಿಯೂ ಒಂದು ವಾಕ್ಯದಲ್ಲಿ ತಿಳಿಸಬೇಕು. ದಿನಾಂಕದ ಹಿಂದಿನ ಕಾರಣ ತಿಳಿದ ಅಧಿಕಾರಿಯು ತಮ್ಮ ಇತರ ಕೆಲಸಗಳ ನಡುವೆ ಅದಕ್ಕೆ ಜಾಗ ಮಾಡಬಲ್ಲರು. ಆಗದಿದ್ದರೆ ಮುಂಚೆಯೇ ಹೇಳಬಲ್ಲರು.

"ಇಲ್ಲ" ಎಂಬ ಉತ್ತರಕ್ಕೂ ಅವಕಾಶ

ಕೆಲವೊಮ್ಮೆ ಪರೀಕ್ಷೆಯೇ ನಡೆದಿರುವುದಿಲ್ಲ. ವರದಿಯನ್ನು ಮಾತ್ರ ಕೋರಿದ ಪತ್ರಕ್ಕೆ ಆಗ ಉತ್ತರವೇ ಬರುವುದಿಲ್ಲ. ಇಲ್ಲದ ಕಾಗದವನ್ನು ಯಾರೂ ಕಳುಹಿಸಲಾರರು. ನಾವು ಕಾಯುತ್ತಿರುವಾಗ ಹೊಸದಾಗಿ ಮಾದರಿ ಸಂಗ್ರಹಿಸಬಹುದಾಗಿದ್ದ ದಿನಗಳು ಕಳೆದುಹೋಗುತ್ತವೆ. ಆದ್ದರಿಂದ "ಪರೀಕ್ಷೆ ನಡೆದಿಲ್ಲವಾದರೆ ಹಾಗೆಂದು ಇಂತಹ ದಿನದೊಳಗೆ ತಿಳಿಸಿರಿ" ಎಂದು, ಮುಖ್ಯ ಗಡುವಿಗಿಂತ ಮುಂಚಿನ ದಿನಾಂಕದೊಡನೆ ಕೇಳಬೇಕು. ಈ ಎಲ್ಲ ಅಂಶಗಳು ಸೇರಿದ ಪತ್ರವು ಹೀಗಿರುತ್ತದೆ:

> ಇವರಿಗೆ: ಸಹಾಯಕ ಕಾರ್ಯನಿರ್ವಾಹಕ ಅಭಿಯಂತರರು, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಉಪ ವಿಭಾಗ, ಯಲಬುರ್ಗಾ.
>
> ಮಾನ್ಯರೇ,
>
> ವಿಷಯ: ಶಾಲೆಯ ಹಿಂದಿನ ಹೊಸ ಕೊಳವೆ ಬಾವಿಯ ರಾಸಾಯನಿಕ ಪರೀಕ್ಷಾ ವರದಿಯನ್ನು ಜೂನ್ 14ರೊಳಗೆ ಒದಗಿಸುವ ಕುರಿತು.
>
> ಸದರಿ ಬಾವಿಯ ನೀರನ್ನು ಕುಡಿಯಲು ಪೂರೈಸುವ ಬಗ್ಗೆ ಜೂನ್ 25ರ ಸಾಮಾನ್ಯ ಸಭೆಯಲ್ಲಿ ಠರಾವು ಮಾಡಬೇಕಾಗಿದೆ. ಬಾವಿಯ ಸರ್ವೆ ನಂಬರು, ಆಳ ಮತ್ತು ಕೊರೆದ ದಿನಾಂಕವನ್ನು ಲಗತ್ತಿನಲ್ಲಿ ನೀಡಲಾಗಿದೆ. ನಮ್ಮ ಆವಕ ವಹಿ, ಕಾಮಗಾರಿ ಕಡತ ಮತ್ತು ಇ-ಮೇಲ್ ಪರಿಶೀಲಿಸಲಾಗಿದ್ದು, ವರದಿ ಕಂಡುಬಂದಿರುವುದಿಲ್ಲ.
>
> ಫ್ಲೋರೈಡ್ ಮತ್ತು ನೈಟ್ರೇಟ್ ಪ್ರಮಾಣವನ್ನೊಳಗೊಂಡ, ಸಹಿಯುಳ್ಳ ಪ್ರಯೋಗಾಲಯ ವರದಿಯ ಪಿಡಿಎಫ್ ಪ್ರತಿಯನ್ನೂ, ಲಗತ್ತಿಸಿದ ತಖ್ತೆಯನ್ನು ಯೂನಿಕೋಡ್‌ನಲ್ಲಿ ತುಂಬಿಯೂ ಕಳುಹಿಸಲು ಕೋರಿದೆ. ಸಭಾ ಸೂಚನೆಯು 17ರಂದು ಹೊರಡುವುದರಿಂದ 14ರ ಸಂಜೆ 4 ಗಂಟೆಯೊಳಗೆ ತಲುಪಿದಲ್ಲಿ ಅನುಕೂಲ. ಪರೀಕ್ಷೆ ಆಗಿಲ್ಲವಾದಲ್ಲಿ 7ರೊಳಗೆ ತಿಳಿಸಿದರೆ, ತಮ್ಮ ಸಿಬ್ಬಂದಿಯೊಡನೆ ಮಾದರಿ ಸಂಗ್ರಹಿಸಲು ನಮ್ಮ ನೀರುಗಂಟಿಯನ್ನು ನಿಯೋಜಿಸಲಾಗುವುದು.

"ನಮ್ಮಲ್ಲಿ ಪರಿಶೀಲಿಸಲಾಗಿದೆ" ಎಂಬ ಸಾಲು ಶಿಷ್ಟಾಚಾರಕ್ಕಾಗಿ ಇರುವುದಲ್ಲ. ಅದನ್ನು ಬರೆಯುವ ಮೊದಲು ನಿಜವಾಗಿಯೂ ಹುಡುಕಬೇಕಾಗುತ್ತದೆ, ಮತ್ತು ವರದಿಯು ಎಷ್ಟೋ ಸಲ ನಮ್ಮದೇ ಬಿಲ್ಲಿನ ಕಡತದಲ್ಲಿ ಸಿಗುತ್ತದೆ.

ಬಂದ ಮೇಲೆ

ಪತ್ರ ಹೋದ ಮೇಲೆ 10ರಂದು ಒಮ್ಮೆ ದೂರವಾಣಿಯಲ್ಲಿ ವಿಚಾರಿಸಿ, ಉತ್ತರವನ್ನು ಕಡತದಲ್ಲಿ ಒಂದು ಸಾಲಿನಲ್ಲಿ ದಾಖಲಿಸಬೇಕು. ಉದಾಹರಣೆಯ ಬಾವಿಯ ವರದಿಯು 13ರಂದು ಬಂದು, ಫ್ಲೋರೈಡ್ 1.8 ಎಂದು ತೋರಿಸಿತೆನ್ನೋಣ. ಸರ್ವೆ ನಂಬರು ಹೊಂದುತ್ತದೆ, ಮಾದರಿಯ ದಿನಾಂಕವು ಬಾವಿ ಕೊರೆದ ನಂತರದ್ದಾಗಿದೆ, ಸಹಿ ಇದೆ, ಪಿಡಿಎಫ್ ಮತ್ತು ತಖ್ತೆಯ ಅಂಕಿ ಒಂದೇ ಆಗಿದೆ. 1.5ರ ಮಿತಿಯನ್ನು ಮೀರಿರುವುದರಿಂದ ಈ ನೀರನ್ನು ನೇರವಾಗಿ ಕುಡಿಯಲು ಪೂರೈಸುವಂತಿಲ್ಲ. ಬಳಕೆಯ ನೀರಿಗೆ ಮಾತ್ರ ಜೋಡಿಸಬೇಕೇ, ಶುದ್ಧೀಕರಣ ಘಟಕದ ಮೂಲಕ ಕೊಡಬೇಕೇ, ಬೇರೆ ಮೂಲ ನೋಡಬೇಕೇ ಎಂಬ ಪ್ರಶ್ನೆಗಳು ಈಗ ಸಭೆಯ ಮುಂದೆ ಸ್ಪಷ್ಟವಾಗಿ ಬರುತ್ತವೆ.

14ರೊಳಗೆ ವರದಿಯೂ ಉತ್ತರವೂ ಬರದಿದ್ದಲ್ಲಿ, ಪತ್ರದ ಪ್ರತಿಯೊಡನೆ ತಾಲ್ಲೂಕು ಪಂಚಾಯತಿ ಕಾರ್ಯನಿರ್ವಾಹಕ ಅಧಿಕಾರಿಗಳ ಗಮನಕ್ಕೆ ತರಬೇಕು. ವಿಷಯಸೂಚಿಯಲ್ಲಿ "ರಾಸಾಯನಿಕ ಪರೀಕ್ಷಾ ವರದಿ ಸ್ವೀಕೃತವಾಗಿಲ್ಲ" ಎಂದು ನಮೂದಿಸಿ, ಬಾವಿಯನ್ನು ಜೋಡಿಸುವ ತೀರ್ಮಾನವನ್ನು ಮುಂದಿನ ಸಭೆಗೆ ಇಡಬೇಕು. ಒಂದು ಸಾಲಿನ ಟಿಪ್ಪಣಿಯ ಆಧಾರದ ಮೇಲೆ ಠರಾವು ಮಾಡತಕ್ಕದ್ದಲ್ಲ.