ಯಾವ ಸಾಲಿನಲ್ಲಿ ಕಳೆಯಬೇಕು?

ಸಂಬಳದವರು ತುಂಬುವ ಐಟಿಆರ್-1, ಅಂದರೆ ‘ಸಹಜ್’ ಫಾರ್ಮಿನಲ್ಲಿ ಲೆಕ್ಕ ಕಷ್ಟದ್ದಲ್ಲ. ಕೂಡುವುದು, ಕಳೆಯುವುದು, ಶೇಕಡಾ ಹಾಕುವುದು ಇಷ್ಟೇ. ಜನ ಎಡವುವುದು ಶೀರ್ಷಿಕೆಗಳಲ್ಲಿ. ಎಕ್ಸೆಂಪ್ಷನ್, ಡಿಡಕ್ಷನ್, ರಿಬೇಟ್ ಮೂರಕ್ಕೂ ನಮ್ಮ ಪತ್ರಿಕೆಗಳಲ್ಲಿ ‘ವಿನಾಯಿತಿ’ ಎಂದೇ ಅಚ್ಚಾಗುತ್ತದೆ. ‘ಹನ್ನೆರಡು ಲಕ್ಷದವರೆಗೆ ತೆರಿಗೆ ವಿನಾಯಿತಿ’ ಎಂಬ ಸುದ್ದಿ ಓದಿದವರು ರಿಟರ್ನ್ ಸಲ್ಲಿಸುವ ಗೋಜೇ ಇಲ್ಲ ಅಂದುಕೊಳ್ಳುತ್ತಾರೆ. ಈ ಮೂರೂ ಲೆಕ್ಕದ ಮೂರು ಬೇರೆ ಬೇರೆ ಹಂತದಲ್ಲಿ ಬರುತ್ತವೆ. ಯಾವುದನ್ನು ಎಲ್ಲಿ ಕಳೆಯಬೇಕು ಎಂದು ತಿಳಿದರೆ ಫಾರ್ಮಿನ ಮುಕ್ಕಾಲು ಪಾಲು ಬಿಡಿಸಿದಂತೆ.

ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದವಳು, ಮೊದಲ ಸಲ ರಿಟರ್ನ್ ಸಲ್ಲಿಸಬೇಕಿತ್ತು. ಅವಳಿಗಾಗಿ ಒಂದು ಹಾಳೆಯ ಮೇಲೆ ಶೀರ್ಷಿಕೆಗಳನ್ನು ಕನ್ನಡದಲ್ಲಿ ಬರೆದೆ. ನಿಘಂಟಿನ ಮಾತು ಹಾಕದೆ, ಆ ಸಾಲು ಮಾಡುವ ಕೆಲಸವನ್ನೇ ಬರೆದೆ. ಎಕ್ಸೆಂಪ್ಷನ್ ಎಂದರೆ ‘ಲೆಕ್ಕಕ್ಕೇ ಸೇರದ ಹಣ’. ಡಿಡಕ್ಷನ್ ಎಂದರೆ ‘ಆದಾಯದಿಂದ ಕಳೆಯುವುದು’. ರಿಬೇಟ್ ಎಂದರೆ ‘ಬಂದ ತೆರಿಗೆಯಲ್ಲಿ ಮಾಫಿ’. ಟಿಡಿಎಸ್‌ಗೆ ‘ಮೊದಲೇ ಮುರಿದುಕೊಂಡ ತೆರಿಗೆ’. ಸಂಬಳದಲ್ಲಿ ಮುರಿದುಕೊಂಡರು ಅಂತ ನಾವು ಹೇಗೂ ಅನ್ನುತ್ತೇವಲ್ಲ.

ಇನ್ನು ಅವಳ ಲೆಕ್ಕ. 2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗೆ ಅವಳ ಗ್ರಾಸ್ ಸ್ಯಾಲರಿ, ಅಂದರೆ ಏನನ್ನೂ ಮುರಿಯುವ ಮೊದಲಿನ ಸಂಬಳ, 7,20,000 ರೂಪಾಯಿ. ಗಳಿಸಿದ್ದು 2025-26ರಲ್ಲಾದರೂ ಫಾರ್ಮಿನ ‘ಅಸೆಸ್‌ಮೆಂಟ್ ವರ್ಷ’ದಲ್ಲಿ ಆರಿಸಬೇಕಾದದ್ದು 2026-27. ಅದು ಗಳಿಸಿದ ವರ್ಷವಲ್ಲ, ಲೆಕ್ಕ ನೋಡುವ ವರ್ಷ.

ಕಂಪನಿ ಕೊಟ್ಟ ಫಾರ್ಮ್ 16ರಲ್ಲಿ ಮನೆ ಬಾಡಿಗೆ ಭತ್ಯೆಯೂ ಕಾಣುತ್ತದೆ. ಅವಳು ಬಾಡಿಗೆ ಕಟ್ಟುವುದೂ ನಿಜ. ಆದರೆ ಹೊಸ ಪದ್ಧತಿಯಲ್ಲಿ ಆ ಭತ್ಯೆ ‘ಲೆಕ್ಕಕ್ಕೇ ಸೇರದ ಹಣ’ ಆಗುವುದಿಲ್ಲ. ಬಾಡಿಗೆ ರಸೀದಿಗೆ ಬೆಲೆ ಇರುವುದು ಹಳೆಯ ಪದ್ಧತಿಯಲ್ಲಿ ಮಾತ್ರ. ಪದ್ಧತಿ ಆರಿಸುವ ಪ್ರಶ್ನೆಯನ್ನೂ ಫಾರ್ಮು ತಿರುವಿ ಕೇಳುತ್ತದೆ: ಹೊಸ ಪದ್ಧತಿಯಿಂದ ಹೊರಗೆ ಹೋಗುತ್ತೀರಾ? ‘ಹೊಸ ಪದ್ಧತಿ’ ಎಂಬ ಎರಡು ಪದ ನೋಡಿದ ಕೂಡಲೇ ‘ಹೌದು’ ಒತ್ತಿದರೆ ನೀವು ಹಳೆಯದಕ್ಕೆ ಹೋದಿರಿ. ಹೊಸದರಲ್ಲೇ ಇರುವವರು ‘ಇಲ್ಲ’ ಅನ್ನಬೇಕು. ಅವಳು ‘ಇಲ್ಲ’ವನ್ನೇ ಉಳಿಸಿಕೊಂಡಳು, ಯಾಕೆಂದರೆ ಅವಳಿಗೆ ಹಳೆಯದರಲ್ಲಿ ತೋರಿಸಲು ವಿಮೆಯಾಗಲಿ ಗೃಹಸಾಲವಾಗಲಿ ಇರಲಿಲ್ಲ.

ಸಂಬಳದಿಂದ ಕಳೆಯುವುದು ಒಂದೇ, ಸ್ಟ್ಯಾಂಡರ್ಡ್ ಡಿಡಕ್ಷನ್. ಹೊಸ ಪದ್ಧತಿಯಲ್ಲಿ ಅದು 75,000. ಇದಕ್ಕೆ ಬಿಲ್ಲು, ರಸೀದಿ ಏನೂ ಬೇಡ. ಉಳಿದದ್ದು 6,45,000. ಕರ್ನಾಟಕದ ವೃತ್ತಿ ತೆರಿಗೆಯೂ ಅವಳ ಸಂಬಳದಲ್ಲಿ ಮುರಿದಿತ್ತು, ಆದರೆ ಹೊಸ ಪದ್ಧತಿಯಲ್ಲಿ ಅದನ್ನು ಕಳೆಯುವಂತಿಲ್ಲ.

ಮುಂದಿನದು ‘ಇನ್ಕಮ್ ಫ್ರಮ್ ಅದರ್ ಸೋರ್ಸಸ್’, ಬೇರೆ ಮೂಲದ ಆದಾಯ. ಅವಳ ಅಜ್ಜ ಅವಳ ಹೆಸರಿನಲ್ಲಿ ಒಂದು ಎಫ್‌ಡಿ ಇಟ್ಟಿದ್ದರು. ಆ ವರ್ಷದ ಬಡ್ಡಿ 58,000. ವರ್ಷಕ್ಕೆ 50,000 ದಾಟಿದ್ದರಿಂದ ಬ್ಯಾಂಕು ಶೇ 10ರಂತೆ 5,800 ರೂಪಾಯಿ ಮುರಿದುಕೊಂಡಿತ್ತು.

‘ಮಾವ, ಬ್ಯಾಂಕ್‌ನವರು ಆಗಲೇ ಟ್ಯಾಕ್ಸ್ ಹಿಡಿದಿದಾರಲ್ಲ, ಮತ್ಯಾಕೆ ತೋರಿಸ್ಬೇಕು? ಅಲ್ಲದೆ ಆ ಬಡ್ಡಿ ನನ್ನ ಕೈಗೇ ಬಂದಿಲ್ಲ.’

ಎರಡೂ ನ್ಯಾಯವಾದ ಪ್ರಶ್ನೆಗಳೇ. ಬ್ಯಾಂಕು ಮುರಿದುಕೊಂಡದ್ದು ತೆರಿಗೆಯ ಕೊನೆಯ ಲೆಕ್ಕವಲ್ಲ, ಮುಂಗಡ. ನಿಮ್ಮ ಸಂಬಳ ಎಷ್ಟು, ನಿಮಗೆ ತೆರಿಗೆ ಬರುತ್ತದೋ ಇಲ್ಲವೋ ಬ್ಯಾಂಕಿಗೆ ಗೊತ್ತಿಲ್ಲ. ನಿಯಮದ ಪ್ರಕಾರ ಹಿಡಿದು ಸರ್ಕಾರಕ್ಕೆ ಕಟ್ಟುತ್ತದೆ. ಇನ್ನು ಕೈಗೆ ಬರದ ಬಡ್ಡಿ. ಅದು ಅಸಲಿಗೇ ಸೇರುತ್ತ ಹೋಗುವ ಎಫ್‌ಡಿ. ಅವಧಿ ಮುಗಿದ ಮೇಲೇ ದುಡ್ಡು ಸಿಕ್ಕರೂ ಬ್ಯಾಂಕು ವರ್ಷ ವರ್ಷವೂ ಬಡ್ಡಿಯನ್ನು ಲೆಕ್ಕಕ್ಕೆ ಸೇರಿಸಿ ಇಲಾಖೆಗೆ ತಿಳಿಸುತ್ತದೆ. ಇಲಾಖೆಯ ಜಾಲತಾಣದಲ್ಲಿ ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿ ತೆರೆದು ತೋರಿಸಿದೆ. 58,000 ಅಲ್ಲಿ ಮೊದಲೇ ಕೂತಿತ್ತು. ಉಳಿತಾಯ ಖಾತೆಯ 4,000 ಬಡ್ಡಿಯೂ ಇತ್ತು, ಅದು ಅವಳಿಗೆ ನೆನಪೇ ಇರಲಿಲ್ಲ. ಬಡ್ಡಿ ಬಿಟ್ಟು 5,800 ಮಾತ್ರ ವಾಪಸ್ ಕೇಳಿದರೆ ಲೆಕ್ಕ ತಾಳೆಯಾಗುವುದಿಲ್ಲ. ಮುರಿದ ತೆರಿಗೆ ನಿಮ್ಮ ಜಮೆಗೆ ಬರಬೇಕಾದರೆ, ಅದು ಯಾವ ಆದಾಯದ ಮೇಲೆ ಮುರಿದದ್ದೋ ಆ ಆದಾಯವೂ ರಿಟರ್ನ್‌ನಲ್ಲಿ ಇರಬೇಕು.

ಸಂಬಳದ 6,45,000ಕ್ಕೆ ಎರಡೂ ಬಡ್ಡಿ ಸೇರಿಸಿದರೆ 7,07,000. ಇದು ‘ಗ್ರಾಸ್ ಟೋಟಲ್ ಇನ್ಕಮ್’. ಸ್ವಲ್ಪ ಕೆಳಗೆ ಬರೀ ‘ಟೋಟಲ್ ಇನ್ಕಮ್’ ಎಂದು ಇನ್ನೊಂದು ಸಾಲಿದೆ. ಎರಡನ್ನೂ ‘ಒಟ್ಟು ಆದಾಯ’ ಎಂದು ಬರೆದುಕೊಂಡರೆ ಕೆಟ್ಟಿತು. ಮೊದಲನೆಯದಕ್ಕೆ ‘ಎಲ್ಲ ಮೂಲ ಕೂಡಿಸಿದ್ದು’, ಎರಡನೆಯದಕ್ಕೆ ‘ತೆರಿಗೆ ಹಾಕುವ ಮೊತ್ತ’ ಎಂದು ಬರೆದೆ. ಇವೆರಡರ ನಡುವೆ 80ಸಿ ಮೊದಲಾದ ಉಳಿತಾಯದ ಡಿಡಕ್ಷನ್‌ಗಳು ಬರುತ್ತವೆ. ಹೊಸ ಪದ್ಧತಿಯಲ್ಲಿ ಅವುಗಳಲ್ಲಿ ಬಹುಪಾಲು ಇಲ್ಲದ್ದರಿಂದ ಅವಳಿಗೆ ಎರಡೂ ಒಂದೇ ಮೊತ್ತ.

ಈಗ ತೆರಿಗೆ. ಮೊದಲ 4 ಲಕ್ಷಕ್ಕೆ ಇಲ್ಲ, ಅಲ್ಲಿಂದ 8 ಲಕ್ಷದವರೆಗೆ ಶೇ 5. ಅಂದರೆ 3,07,000ಕ್ಕೆ 15,350 ರೂಪಾಯಿ. ಪರದೆಯ ಮೇಲೆ ಈ ಸಂಖ್ಯೆ ಮೂಡಿದಾಗ ಹುಡುಗಿ ಗಾಬರಿಯಾದಳು. ‘ಹನ್ನೆರಡು ಲಕ್ಷದವರೆಗೆ ಇಲ್ಲ ಅಂದ್ರಲ್ಲ?’ ಇಲ್ಲ ಅಂದದ್ದು ರಿಬೇಟಿನ ಮಾತು, 87ಎ. ಮೊದಲು ತೆರಿಗೆ ಲೆಕ್ಕವಾಗಿಯೇ ಆಗಬೇಕು. ‘ತೆರಿಗೆ ಹಾಕುವ ಮೊತ್ತ’ 12 ಲಕ್ಷದ ಒಳಗಿದ್ದರೆ ಮುಂದಿನ ಸಾಲಿನಲ್ಲಿ, 60,000 ರೂಪಾಯಿವರೆಗೆ, ಆ ತೆರಿಗೆಯನ್ನು ಬಿಟ್ಟುಬಿಡುತ್ತಾರೆ. ಅವಳ 15,350 ಪೂರ್ತಿ ಹೋಯಿತು. ತೆರಿಗೆ ಸೊನ್ನೆಯಾದ ಮೇಲೆ ಅದರ ಮೇಲೆ ಬೀಳುವ ಶೇ 4 ಸೆಸ್ ಕೂಡ ಸೊನ್ನೆ. ಮಾಫಿಗೆ ಮಿತಿಯೂ ಇದೆ. ಷೇರು ಮಾರಿ ಬಂದ ಲಾಭದಂಥ ವಿಶೇಷ ದರದ ಆದಾಯದ ತೆರಿಗೆಯನ್ನು ಹೊಸ ಪದ್ಧತಿಯಲ್ಲಿ ಇದು ಬಿಡುವುದಿಲ್ಲ. ಮೊಬೈಲಿನಲ್ಲಿ ಷೇರು ಆಡುವ ಹುಡುಗರು ಇದನ್ನು ಗಮನಿಸಬೇಕು.

ಕಟ್ಟಬೇಕಾದದ್ದು ಸೊನ್ನೆ, ಮೊದಲೇ ಮುರಿದುಕೊಂಡದ್ದು 5,800. ಅಷ್ಟೂ ರೀಫಂಡ್. ರಿಟರ್ನ್ ಸಲ್ಲಿಸದೆ ಸುಮ್ಮನಿದ್ದರೆ ಈ ಹಣವನ್ನು ಯಾರೂ ತಾವಾಗಿ ತಂದುಕೊಡುವುದಿಲ್ಲ.

ಆದರೆ ತಡವಾಗಿ ಸಲ್ಲಿಸಿದರೆ? ಸಂಬಳದವರಿಗೆ ಸಾಮಾನ್ಯವಾಗಿ ಜುಲೈ 31 ಕೊನೆಯ ದಿನ. ಅದು ದಾಟಿದರೆ, ತೆರಿಗೆ ಹಾಕುವ ಮೊತ್ತ 5 ಲಕ್ಷಕ್ಕಿಂತ ಹೆಚ್ಚಿರುವವರಿಗೆ 5,000 ರೂಪಾಯಿ ತಡ ಶುಲ್ಕ. 87ಎ ಬಿಡುವುದು ತೆರಿಗೆಯನ್ನು ಮಾತ್ರ. ಇದು ಶುಲ್ಕ, ಇದಕ್ಕೆ ಆ ಮಾಫಿ ತಗಲುವುದಿಲ್ಲ. ತೆರಿಗೆಯೇ ಇಲ್ಲದ ಹುಡುಗಿಗೆ 5,800ರಲ್ಲಿ 800 ಕೈಗೆ ಬರುತ್ತಿತ್ತು.

ಇಷ್ಟೆಲ್ಲ ತುಂಬಿ ‘ಸಬ್ಮಿಟ್’ ಒತ್ತಿದವರು ಅಲ್ಲಿಗೆ ಮುಗಿಯಿತೆಂದು ಕಿಟಕಿ ಮುಚ್ಚುತ್ತಾರೆ. ‘ಇ-ವೆರಿಫೈ’ ಬಾಕಿ ಇರುತ್ತದೆ. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಹಾಕಿದರೆ ಒಂದು ನಿಮಿಷದ ಕೆಲಸ. ಒಟಿಪಿ ಬರದವರು ಐಟಿಆರ್-5 ಎಂಬ ಸ್ವೀಕೃತಿ ಹಾಳೆಗೆ... ಅಲ್ಲ, ಐಟಿಆರ್-ವಿ ಎಂದು ಓದಬೇಕು, ಅದು ರೋಮನ್ ಐದಲ್ಲ, ವೆರಿಫಿಕೇಷನ್‌ನ ‘ವಿ’. ಅದಕ್ಕೆ ಸಹಿ ಹಾಕಿ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು. ಎರಡಕ್ಕೂ ಗಡುವು ಸಲ್ಲಿಸಿದ ದಿನದಿಂದ 30 ದಿನ. ಅದನ್ನು ದಾಟಿಸಿದರೆ, ವೆರಿಫೈ ಮಾಡಿದ ದಿನವನ್ನೇ ಸಲ್ಲಿಸಿದ ದಿನ ಎಂದು ಹಿಡಿಯುತ್ತಾರೆ. ಜುಲೈ ಕೊನೆಯಲ್ಲಿ ಫಾರ್ಮ್ ತುಂಬಿ ಒಟಿಪಿಯನ್ನು ಸೆಪ್ಟೆಂಬರ್‌ನಲ್ಲಿ ಹಾಕಿದವರಿಗೂ ಆ 5,000 ತಪ್ಪಿದ್ದಲ್ಲ.