ಪರಿಚಿತರ ಹೆಸರು ಹೇಳಿ ಬರೆಯುವ ಮೊದಲ ಇ-ಮೇಲ್

ಗುರುತಿಲ್ಲದವರಿಗೆ ವ್ಯಾಪಾರದ ಇ-ಮೇಲ್ ಬರೆಯುವಾಗ "ಇಂಥವರು ನಿಮ್ಮ ಬಗ್ಗೆ ಹೇಳಿದರು" ಎಂದೊಂದು ಸಾಲು ಸೇರಿಸುವುದು ಯಾರಿಗಾದರೂ ಹೊಳೆಯುವ ಉಪಾಯ. ಆ ಸಾಲು ತಲುಪಿದ ಮೇಲೆ ಆ ಕಡೆ ಏನು ನಡೆಯುತ್ತದೆ ಎಂದು ಯೋಚಿಸುವವರು ಕಡಿಮೆ. ಎಚ್ಚರದ ವ್ಯಾಪಾರಿ ಮೇಲ್ ಓದಿದ ಕೂಡಲೇ ಉತ್ತರ ಬರೆಯುವುದಿಲ್ಲ. ಆ 'ಇಂಥವರಿಗೆ' ಫೋನ್ ಮಾಡುತ್ತಾನೆ. "ಯಾರ್ರೀ ಇವರು? ನಿಮ್ಮ ಹೆಸರು ಹಾಕಿ ಬರೆದಿದ್ದಾರಲ್ಲ!" ಅರ್ಧ ನಿಮಿಷದ ಆ ಮಾತಿನಲ್ಲಿ ನಿಮ್ಮ ಮೇಲ್‌ನ ಹಣೆಬರಹ ತೀರ್ಮಾನವಾಗುತ್ತದೆ. ಏನಾದರೂ ಸಮಜಾಯಿಷಿ ಕೊಡೋಣವೆಂದರೆ ನೀವು ಅಲ್ಲಿ ಇರುವುದಿಲ್ಲ. ಇಂಥ ಮೇಲ್ ಬರೆಯುವ ಕಲೆಯೆಲ್ಲ ಆ ಒಂದು ಫೋನ್ ಕರೆಗೆ ಸಿದ್ಧವಾಗುವುದರಲ್ಲೇ ಇದೆ.

ಒಂದು ಸಂದರ್ಭ ಇಟ್ಟುಕೊಂಡು ನೋಡೋಣ. ಮೂಡಿಗೆರೆ ಕಡೆ ಎಂಟು ಎಕರೆ ಕಾಫಿ ತೋಟವಿರುವ ಯುವತಿ, ಹೆಸರು ಶ್ರುತಿ ಎಂದಿರಲಿ. ಇಪ್ಪತ್ತು ಮೂಟೆ ಪಾರ್ಚ್‌ಮೆಂಟ್ ಕೈಯಲ್ಲಿದೆ. ಐವತ್ತು ಕಿಲೋ ಮೂಟೆಯ ಲೆಕ್ಕದಲ್ಲಿ ಅದು ಒಂದು ಸಾವಿರ ಕಿಲೋ. ಸಿಪ್ಪೆ ಹೋಗಿ ಸುಮಾರು ಎಂಟುನೂರು ಕಿಲೋ ಬೀಜ ಸಿಗುತ್ತದೆ. ಪ್ರತಿ ವರ್ಷದಂತೆ ಊರಿನ ವ್ಯಾಪಾರಿಗೆ ಅಂದಿನ ದರಕ್ಕೆ ಕೊಡುವ ಬದಲು, ಬೆಂಗಳೂರಿನಲ್ಲಿ ತಾನೇ ಕಾಫಿ ಹುರಿದು ಮಾರುವ ಒಬ್ಬರಿಗೆ ನೇರವಾಗಿ ಕೊಡಬೇಕೆಂದು ಅವಳ ಆಸೆ. ಹುರಿಯುವವರ ಹೆಸರು ವಿನಯ್ ಎಂದಿರಲಿ. ಇಬ್ಬರನ್ನೂ ಬಲ್ಲವರು ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ನ ಮೇಲ್ವಿಚಾರಕ ನಾಗರಾಜಪ್ಪ. ಶ್ರುತಿಯ ಕಾಫಿ ಸಿಪ್ಪೆ ಸುಲಿದು, ಜರಡಿಯಲ್ಲಿ ಗ್ರೇಡ್ ಆಗುವುದು ಅವರ ಕಣ್ಣೆದುರಿಗೆ. ವಿನಯ್ ಖರೀದಿಗೆಂದು ಆಗಾಗ ಅಲ್ಲಿಗೆ ಬಂದು ಹೋಗುತ್ತಾನೆ.

ನಾಗರಾಜಪ್ಪ ಶ್ರುತಿಗೆ ನೆಂಟರಲ್ಲ, ಆಪ್ತರೂ ಅಲ್ಲ. ವರ್ಷಕ್ಕೆ ಎರಡು ಮೂರು ಸಲ ಕಾಣುವ ಮುಖ. ಇಷ್ಟು ತೆಳು ಪರಿಚಯ ಸಾಕೇ ಎಂದು ಹಿಂಜರಿಯಬೇಕಾಗಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನ ಇದನ್ನೇ ಹೇಳುತ್ತದೆ. ಬಾಸ್ಟನ್ ಬಳಿಯ ನ್ಯೂಟನ್ ಊರಿನಲ್ಲಿ ಪರಿಚಿತರ ಮೂಲಕ ಕೆಲಸ ಹಿಡಿದವರನ್ನು ಆತ ವಿಚಾರಿಸಿದ್ದ. ಬಹುಪಾಲು ಜನರಿಗೆ ಸುದ್ದಿ ಕೊಟ್ಟವರು ದಿನಬೆಳಗಾದರೆ ಕಾಣುವ ಗೆಳೆಯರಾಗಿರಲಿಲ್ಲ, ಆಗೊಮ್ಮೆ ಈಗೊಮ್ಮೆಯೋ ಅಪರೂಪಕ್ಕೋ ಸಿಗುವವರಾಗಿದ್ದರು. ಕಾರಣ ಸರಳ: ನಮ್ಮ ಆಪ್ತರಿಗೆ ಗೊತ್ತಿರುವವರು ನಮಗೂ ಗೊತ್ತಿರುತ್ತಾರೆ, ಹೊಸ ಬಾಗಿಲು ಇರುವುದು ದೂರದ ಪರಿಚಿತರ ಬಳಿ. ಆದರೆ ತೆಳು ಪರಿಚಯವನ್ನು ತೆಳುವಾಗಿಯೇ ಹೇಳಬೇಕು. ಎಡವುವುದು ಅಲ್ಲಿ.

ಬರೆಯುವ ಮುನ್ನ ಶ್ರುತಿ ನಾಗರಾಜಪ್ಪನವರಿಗೆ ಫೋನ್ ಮಾಡಬೇಕು. ಇದನ್ನು ಬಿಟ್ಟವರೇ ಹೆಚ್ಚು. ಹೆಸರು ಹಾಕಿದರೆ ಅವರಿಗೇನು ನಷ್ಟ ಎಂದುಕೊಳ್ಳುತ್ತಾರೆ. ಆದರೆ ನಾಳೆ ಕಾಫಿ ಕೆಟ್ಟದಿದ್ದರೆ, ಹೇಳಿದ ದಿನ ಮಾಲು ಬರದಿದ್ದರೆ, ವಿನಯ್ ಕೇಳುವುದು ನಾಗರಾಜಪ್ಪನವರನ್ನೇ. ಕರೆ ಹೀಗಿದ್ದರೆ ಸಾಕು:

"ನಾಗರಾಜಣ್ಣ, ಬೆಂಗಳೂರಿನ ವಿನಯ್ ಅವರಿಗೆ ನಮ್ಮ ಕಾಫಿ ಬಗ್ಗೆ ಮೇಲ್ ಬರೀಬೇಕು ಅಂತಿದ್ದೀನಿ. ನಿಮ್ಮ ಹೆಸರು ಹಾಕಬಹುದಾ?"

"ಹಾಕಮ್ಮ, ಅದಕ್ಕೇನಂತೆ. ಆದರೆ ನಾನೇ ಕಳಿಸಿದೆ ಅಂತ ಬರೀಬೇಡ. ನಿನ್ನ ಬೀಜ ನೋಡಿದೀನಿ, ಕುಡಿದು ನೋಡಿಲ್ಲ."

"ಸರಿ ಅಣ್ಣ. ಅವರು ಹೊಸಬರ ಹತ್ತಿರ ತಗೋತಾರಾ?"

"ತಗೋತಾರೆ. ಆದರೆ ಮೊದಲೇ ರೇಟು ಕೇಳಿದರೆ ಆಗಲ್ಲ ಅವರಿಗೆ. ಮೊದಲು ಸ್ಯಾಂಪಲ್ ನೋಡಬೇಕು."

ಈ ಮಾತಿನಲ್ಲಿ ಶ್ರುತಿಗೆ ಮೂರು ಲಾಭಗಳಾದವು. ಒಪ್ಪಿಗೆ ಸಿಕ್ಕಿತು, ಎಷ್ಟು ಹೇಳಬಹುದು ಎಂಬ ಗಡಿ ಗೊತ್ತಾಯಿತು, ವಿನಯ್‌ನ ಸ್ವಭಾವದ ಸುಳಿವೂ ದೊರೆಯಿತು. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ವಿನಯ್‌ನಿಂದ ಫೋನ್ ಬಂದಾಗ ನಾಗರಾಜಪ್ಪ ತಬ್ಬಿಬ್ಬಾಗುವುದಿಲ್ಲ. ಒಂದು ವೇಳೆ ಅವರು "ನೋಡೋಣ ಬಿಡಮ್ಮ" ಎಂದು ಮಾತು ತೇಲಿಸಿದ್ದರೆ ಅದು ಒಪ್ಪಿಗೆಯಲ್ಲ. ಇಬ್ಬರ ನಡುವೆ ಹಳೆಯ ಬಾಕಿಯೋ ಮನಸ್ತಾಪವೋ ಇರಬಹುದು. ಆಗ ಅವರ ಹೆಸರು ಬಿಟ್ಟು ಬರೆಯುವುದೇ ಮೇಲು, ಏಕೆಂದರೆ ಮುನಿಸಿರುವವರ ಹೆಸರು ಹೊತ್ತು ಹೋದರೆ ಆ ಮುನಿಸಿನ ಪಾಲು ನಿಮಗೂ ಸಿಗುತ್ತದೆ.

ಈಗ ಮೇಲ್. ಮೊದಲ ಸಲಕ್ಕೆ ಸಾಮಾನ್ಯವಾಗಿ ಕೈಯಿಂದ ಹೊರಡುವುದು ಇಂಥದ್ದು: "ಮಾನ್ಯರೇ, ಮೂರು ತಲೆಮಾರಿನಿಂದ ನಮ್ಮ ಕುಟುಂಬ ಅತ್ಯುತ್ತಮ ಗುಣಮಟ್ಟದ ಕಾಫಿ ಬೆಳೆಯುತ್ತಿದೆ. ನಮ್ಮ ಹಿತೈಷಿಗಳಾದ ನಾಗರಾಜಪ್ಪನವರು ತಮಗೂ ಆಪ್ತರೆಂದು ತಿಳಿದು ಸಂತೋಷವಾಯಿತು. ತಮ್ಮೊಂದಿಗೆ ವ್ಯವಹರಿಸಲು ಉತ್ಸುಕರಾಗಿದ್ದೇವೆ. ದರ ತಿಳಿಸಿ." ನಾಗರಾಜಪ್ಪ ಯಾವ ಊರಿನವರು, ಏನು ಹೇಳಿದರು ಎಂಬುದು ಇದರಲ್ಲಿ ಇಲ್ಲ. 'ಹಿತೈಷಿ' ಎಂಬುದು ಫೋನ್ ಕರೆಯಲ್ಲಿ ನಿಲ್ಲದ ಮಾತು. ಅತ್ಯುತ್ತಮ ಎಂಬುದನ್ನು ಪ್ರತಿಯೊಬ್ಬ ಬೆಳೆಗಾರನೂ ಹೇಳುತ್ತಾನೆ. ಕೊನೆಗೆ, ವಿನಯ್‌ಗೆ ಹಿಡಿಸದ ಪ್ರಶ್ನೆಯೇ ಮೊದಲ ಪ್ರಶ್ನೆಯಾಗಿ ಬಂದಿದೆ.

ಶ್ರುತಿ ತಿದ್ದಿ ಬರೆದದ್ದು ಹೀಗೆ.

ವಿಷಯ: ನಾಗರಾಜಪ್ಪ (ಚಿಕ್ಕಮಗಳೂರು ಕ್ಯೂರಿಂಗ್) ಅವರ ಮೂಲಕ: ಅರೇಬಿಕಾ ಸ್ಯಾಂಪಲ್

ವಿನಯ್ ಅವರಿಗೆ ನಮಸ್ಕಾರ.

ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ನ ನಾಗರಾಜಪ್ಪನವರನ್ನು ಕೇಳಿ, ಅವರ ಒಪ್ಪಿಗೆಯಿಂದ ಹೆಸರು ಹೇಳಿ ಬರೆಯುತ್ತಿದ್ದೇನೆ. ನಾಲ್ಕು ಸೀಸನ್‌ನಿಂದ ನಮ್ಮ ಪಾರ್ಚ್‌ಮೆಂಟ್ ಅವರಲ್ಲೇ ಕ್ಯೂರಿಂಗ್ ಆಗುತ್ತಿದೆ. ಅವರು ಬೀಜ ನೋಡಿದ್ದಾರೆ, ಕುಡಿದು ನೋಡಿಲ್ಲ.

ನಮ್ಮದು ಮೂಡಿಗೆರೆ ಹತ್ತಿರ, ಸುಮಾರು 3,400 ಅಡಿ ಎತ್ತರದಲ್ಲಿ ಎಂಟು ಎಕರೆ ತೋಟ. ತಳಿ 795. ಈ ಸಲ ಪಲ್ಪ್ ಮಾಡಿ ತೊಳೆದು ಒಣಗಿಸಿದ ಕಾಫಿ, ಕ್ಯೂರಿಂಗ್ ನಂತರ ಸುಮಾರು 800 ಕಿಲೋ ಆಗುತ್ತದೆ. ತೇವಾಂಶ ಶೇ. 11ರೊಳಗಿದೆ.

ನೀವು ಸಣ್ಣ ತೋಟಗಳ ಕಾಫಿಯನ್ನು ತೋಟದ ಹೆಸರಿನಲ್ಲೇ ಮಾರುವುದನ್ನು ನೋಡಿದ್ದೇನೆ. 300 ಗ್ರಾಂ ಹುರಿಯದ ಬೀಜ ಕೊರಿಯರ್ ಮಾಡಲೇ? ಹಿಡಿಸದಿದ್ದರೆ 'ಬೇಡ' ಎಂದು ಒಂದು ಪದ ಬರೆದರೂ ಸಾಕು.

ಶ್ರುತಿ

(ಕೆಳಗೆ ತೋಟದ ಹೆಸರು, ಊರು, ಮೊಬೈಲ್ ನಂಬರ್.)

ವಿಷಯದ ಸಾಲಿನಲ್ಲಿ ನಾಗರಾಜಪ್ಪನವರ ಹೆಸರು ಮೊದಲೇ ಬಂದಿರುವುದು ಬೇಕೆಂದೇ. ಮೊಬೈಲ್ ಪರದೆಯಲ್ಲಿ ವಿಷಯದ ಮೊದಲ ಕೆಲವೇ ಪದಗಳು ಕಾಣುತ್ತವೆ, ಉಳಿದದ್ದು ಕತ್ತರಿಸಿ ಹೋಗುತ್ತದೆ. ಶ್ರುತಿ ಯಾರೆಂದು ವಿನಯ್‌ಗೆ ಗೊತ್ತಿಲ್ಲ, ನಾಗರಾಜಪ್ಪ ಗೊತ್ತು. ಆದರೆ ಆತನ ಫೋನ್‌ನಲ್ಲಿ ಆ ಹೆಸರಿನವರು ಇಬ್ಬರು ಮೂವರು ಇರಬಹುದು. ಊರು ಮತ್ತು ಕೆಲಸ ಜೊತೆಗಿರುವುದು ಅದಕ್ಕೆ. ಹಳೆಯ ಪತ್ರವ್ಯವಹಾರದ ಮುಂದುವರಿಕೆ ಎಂಬಂತೆ ವಿಷಯದ ಮೊದಲು 'Re:' ಸೇರಿಸುವ ಕುಯುಕ್ತಿಯನ್ನು ಕೆಲವರು ಮಾಡುತ್ತಾರೆ. ತೆರೆದ ಕ್ಷಣದಲ್ಲೇ ಅದು ಬಯಲಾಗುತ್ತದೆ.

"ಕುಡಿದು ನೋಡಿಲ್ಲ" ಎಂಬ ಮಾತು ಓದಿ, ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಳಲ್ಲ ಎಂದು ಕೆಲವರಿಗೆ ಅನಿಸಬಹುದು. ನನ್ನ ಪ್ರಕಾರ ಇಡೀ ಮೇಲ್‌ನಲ್ಲಿ ಹೆಚ್ಚು ಕೆಲಸ ಮಾಡುವುದು ಅದೇ. ವಿನಯ್ ಫೋನ್ ಮಾಡಿದಾಗ ನಾಗರಾಜಪ್ಪ ಹೇಳುವುದೂ ಅದನ್ನೇ: "ಬೀಜ ಚೆನ್ನಾಗಿದೆ, ರುಚಿ ನೀವೇ ನೋಡಿ." ಎರಡು ಮಾತೂ ತಾಳೆಯಾದಾಗ ತೇವಾಂಶ, ಎತ್ತರ, ಪ್ರಮಾಣದ ಲೆಕ್ಕಗಳ ಮೇಲೂ ನಂಬಿಕೆ ಬರುತ್ತದೆ. ಅವಳು "ನಾಗರಾಜಪ್ಪನವರು ಬಹಳ ಮೆಚ್ಚಿದ್ದಾರೆ" ಎಂದು ಬರೆದು, ಅವರು "ನನಗೆ ಅಷ್ಟು ಗೊತ್ತಿಲ್ಲಪ್ಪ" ಎಂದಿದ್ದರೆ ಉಳಿದೆಲ್ಲ ಅಂಕಿಗಳೂ ಅನುಮಾನಕ್ಕೆ ಬೀಳುತ್ತಿದ್ದವು.

ಗೊತ್ತಿಲ್ಲದವರ ಬಗ್ಗೆ ಒಳ್ಳೆಯ ಮಾತು ಹೇಳಬೇಕಾದ ಕಷ್ಟ ಹೊಸದಲ್ಲ. ಬೆಂಜಮಿನ್ ಫ್ರಾಂಕ್ಲಿನ್ ಪ್ಯಾರಿಸ್‌ನಲ್ಲಿ ಅಮೆರಿಕದ ಪ್ರತಿನಿಧಿಯಾಗಿದ್ದಾಗ ಪರಿಚಯ ಪತ್ರ ಕೇಳಿಕೊಂಡು ಬರುವವರ ಕಾಟ ತಾಳಲಾರದೆ, 1777ರಲ್ಲಿ ಒಂದು ಅಣಕು ಮಾದರಿ ಬರೆದಿಟ್ಟ. ಈ ಪತ್ರ ತರುವವರ ಬಗ್ಗೆ ನನಗೆ ಏನೂ ಗೊತ್ತಿಲ್ಲ, ಹೆಸರು ಕೂಡ. ಗುಣ ಯೋಗ್ಯತೆಗಳನ್ನು ಅವರನ್ನೇ ಕೇಳಿಕೊಳ್ಳಿ ಎಂಬುದು ಅದರ ಧಾಟಿ. ನಿಮಗೆ ಹೆಸರು ಕೊಟ್ಟವರನ್ನು ಫ್ರಾಂಕ್ಲಿನ್‌ನ ಈ ಇಕ್ಕಟ್ಟಿಗೆ ತಳ್ಳಬಾರದೆಂದರೆ, ಅವರಿಗೆ ಗೊತ್ತಿರುವುದನ್ನು ಮಾತ್ರ ಅವರ ಹೆಸರಿನಲ್ಲಿ ಹೇಳಬೇಕು.

ಶ್ರುತಿ ಕೇಳಿದ್ದು ಎಷ್ಟು ಚಿಕ್ಕದು ಎಂಬುದನ್ನೂ ಗಮನಿಸಿ. ಆರ್ಡರ್ ಕೇಳಲಿಲ್ಲ, ಭೇಟಿಗೆ ಸಮಯ ಕೇಳಲಿಲ್ಲ. ಪರಿಚಿತರ ಹೆಸರು ಮೇಲ್ ಓದಿಸುವಷ್ಟಕ್ಕೆ ಶಕ್ತ, ಕಾಫಿಯನ್ನು ಅದು ಮಾರಲಾರದು. ಕಳಿಸುವ 300 ಗ್ರಾಂ ಕೂಡ ಆ 800 ಕಿಲೋದಿಂದಲೇ ಕಲಸಿ ತೆಗೆದದ್ದಾಗಿರಬೇಕು. ಚೆಂದದ ಬೀಜ ಆರಿಸಿ ಕಳಿಸಿದರೆ ಮೂಟೆ ಬಿಚ್ಚಿದ ದಿನ ನಾಗರಾಜಪ್ಪನವರಿಗೆ ಎರಡನೆಯ ಫೋನ್ ಹೋಗುತ್ತದೆ, ಅದು ಮೊದಲಿನಷ್ಟು ಹಿತವಾಗಿರುವುದಿಲ್ಲ. ಮೊದಲ ಮೇಲ್‌ಗೆ ಫೈಲ್‌ಗಳನ್ನು ಲಗತ್ತಿಸುವುದೂ ಬೇಡ. ಪರಿಚಿತರ ಹೆಸರು ಹೇಳಿ ಲಗತ್ತು ತೆರೆಸುವುದು ಮೋಸಗಾರರ ಹಳೆಯ ದಾರಿಯಾದ್ದರಿಂದ ತಿಳಿದವರು ಅದನ್ನು ಮುಟ್ಟುವುದಿಲ್ಲ.

ನಾಗರಾಜಪ್ಪನವರನ್ನು ಕೇಳದೆ ಸಿಸಿಯಲ್ಲಿ ಹಾಕುವುದು ಸಲ್ಲದು. ಅವರೆದುರಿಗೇ ವಿನಯ್ ಹೌದು-ಅಲ್ಲ ಹೇಳಬೇಕಾದ ಮುಜುಗರ ಅದರಿಂದ ಹುಟ್ಟುತ್ತದೆ. ಅವರೇ ಮುಂದಾಗಿ ಇಬ್ಬರಿಗೂ ಒಟ್ಟಿಗೆ ಮೇಲ್ ಬರೆದು ಪರಿಚಯಿಸಿದರೆ ಮಾತು ಬೇರೆ. ಆಗ ಅದೇ ದಿನ ಉತ್ತರಿಸಿ, ಮೊದಲ ಸಾಲಿನಲ್ಲಿ ಅವರಿಗೆ ವಂದನೆ ಹೇಳಿ, ಅವರ ವಿಳಾಸವನ್ನು ಬಿಸಿಸಿಗೆ ಸರಿಸಬೇಕು. ಉತ್ತರ ಹೋಯಿತೆಂದು ಅವರಿಗೆ ತಿಳಿಯುತ್ತದೆ, ಮುಂದಿನ ಕೊರಿಯರ್-ದರಗಳ ಮಾತೆಲ್ಲ ಅವರ ಇನ್‌ಬಾಕ್ಸ್‌ಗೆ ಬಂದು ಬೀಳುವುದಿಲ್ಲ.

ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಅದೇ ಮೇಲ್‌ನ ಕೆಳಗೆ ಎರಡು ಸಾಲು ಬರೆಯಬಹುದು. ಬೇಸಿಗೆಯ ಹೊತ್ತಿಗೆ ಹುರಿಯುವವರ ಬಳಿ ಹೊಸ ಬೆಳೆಯ ಸ್ಯಾಂಪಲ್‌ಗಳು ರಾಶಿ ಬಿದ್ದಿರುತ್ತವೆ, ಮೌನವೆಲ್ಲ ತಿರಸ್ಕಾರವಲ್ಲ. ಎರಡನೆಯದಕ್ಕೂ ಉತ್ತರವಿಲ್ಲದಿದ್ದರೆ ಅಲ್ಲಿಗೆ ಬಿಡಿ. "ಅಣ್ಣ, ನೀವೊಂದು ಮಾತು ಹೇಳಿ ನೋಡಿ" ಎಂದು ನಾಗರಾಜಪ್ಪನವರನ್ನು ಮತ್ತೆ ಎಳೆಯಬೇಡಿ. ಅವರು ಕೊಟ್ಟದ್ದು ಹೆಸರು, ಜವಾಬ್ದಾರಿಯಲ್ಲ.

ವಿನಯ್ ಕಾಫಿ ಕೊಂಡರೂ ಬೇಡವೆಂದರೂ ಸುದ್ದಿ ಮಾತ್ರ ನಾಗರಾಜಪ್ಪನವರಿಗೆ ನಿಮ್ಮಿಂದಲೇ ಮೊದಲು ಮುಟ್ಟಲಿ. ಬೇಡವೆಂದಾಗ ಈ ಫೋನ್ ಮಾಡುವುದನ್ನು ಜನ ಮರೆಯುತ್ತಾರೆ, ಮುಂದಿನ ವರ್ಷ ಅವರ ಹೆಸರು ಮತ್ತೆ ಬೇಕಾಗುತ್ತದೆ.